ವಜ್ರದುಂಗುರಕ್ಕೆ ಎರಡು ಬೆಲೆ ಏಕೆ?

ಒಂದು ಉಂಗುರದ ಬಿಲ್ಲನ್ನು ಮುಂದಿಟ್ಟುಕೊಂಡೇ ಮಾತು ಶುರು ಮಾಡೋಣ. 18 ಕ್ಯಾರೆಟ್ ಚಿನ್ನದ ಉಂಗುರ. ನಡುವೆ 50 ಸೆಂಟಿನ ಒಂದು ವಜ್ರ, ಅದರ ಸುತ್ತ ಕೂರಿಸಿದ ಸಣ್ಣ ಕಲ್ಲುಗಳೆಲ್ಲ ಸೇರಿ 30 ಸೆಂಟು. ನೂರು ಸೆಂಟಿಗೆ ಒಂದು ಕ್ಯಾರೆಟ್, ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಆದ್ದರಿಂದ ಕಲ್ಲುಗಳ ಒಟ್ಟು ತೂಕ 0.16 ಗ್ರಾಂ. ಉಂಗುರ 4.16 ಗ್ರಾಂ ತೂಗುತ್ತದೆ, ಚಿನ್ನ ಸರಿಯಾಗಿ 4 ಗ್ರಾಂ.

ಚಿನ್ನದ ದರ ದಿನಕ್ಕೊಂದು. ಲೆಕ್ಕ ಸುಲಭವಾಗಲಿ ಎಂದು ಅಪರಂಜಿ ಗ್ರಾಮಿಗೆ 10,000 ರೂಪಾಯಿ ಎಂದು ಹಿಡಿಯೋಣ. ಕಲ್ಲಿನ ದರಗಳನ್ನೂ ಹಾಗೆಯೇ ಉದಾಹರಣೆಗೆಂದು ಇಟ್ಟುಕೊಳ್ಳೋಣ. 18 ಕ್ಯಾರೆಟ್ ಚಿನ್ನದಲ್ಲಿ ಅಪರಂಜಿ ಮುಕ್ಕಾಲು ಪಾಲು, ಹಾಗಾಗಿ ಗ್ರಾಮಿಗೆ 7,500, ನಾಲ್ಕು ಗ್ರಾಮಿಗೆ 30,000. ಮಜೂರಿ 6,000. ನಡುವಿನ ಕಲ್ಲಿಗೆ 80,000. ಸಣ್ಣ ಕಲ್ಲುಗಳಿಗೆ 24,000. ಅಲ್ಲಿಗೆ 1,40,000. ಅದರ ಮೇಲೆ ಶೇ. 3 ಜಿಎಸ್‌ಟಿ, 4,200. ಕೊಟ್ಟ ಹಣ ಒಟ್ಟು 1,44,200 ರೂಪಾಯಿ.

ಇದೇ ಉಂಗುರವನ್ನು, ಚಿನ್ನದ ದರ ಒಂದು ರೂಪಾಯಿಯೂ ಆಚೀಚೆ ಆಗದ ಹೊತ್ತಿನಲ್ಲಿ, ಬೇರೆ ಅಂಗಡಿಗೆ ಮಾರಲು ಒಯ್ದರೆ 64,000ದ ಆಸುಪಾಸು ಸಿಗಬಹುದು. ಅರ್ಧಕ್ಕೂ ಕಡಿಮೆ. ‘ಹಾಡಹಗಲೇ ದೋಚುತ್ತಾರೆ’ ಎಂದು ಬೈದುಕೊಂಡು ಮನೆಗೆ ಬರುವವರು ಬಹಳ. ದೋಚುವವರು ಇಲ್ಲವೆಂದಲ್ಲ. ಆದರೆ ನೆಟ್ಟಗೆ ವ್ಯಾಪಾರ ಮಾಡುವವನೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತಾನೆ. ಕಾರಣ ತಿಳಿಯಬೇಕಾದರೆ ಕಳೆದುಹೋದ 79,900 ರೂಪಾಯಿ ಎಲ್ಲೆಲ್ಲಿ ಸೋರಿತು ಎಂದು ನೋಡಬೇಕು.

ಎಲ್ಲರೂ ಮೊದಲು ದೂರುವುದು ಮಜೂರಿಯನ್ನು ಮತ್ತು ತೆರಿಗೆಯನ್ನು. ಅವೆರಡೂ ಮರಳಿ ಬರುವುದಿಲ್ಲ, ನಿಜ. ಆದರೆ ಸೇರಿದರೆ 10,200 ಮಾತ್ರ. ಚಿನ್ನವನ್ನು ಕರಗಿಸುವಾಗಿನ ನಷ್ಟವೆಂದು ಅಂಗಡಿಯವರು ಶೇ. 4 ಹಿಡಿದರೆ 1,200. ಉಳಿದ 68,500 ಹೋದದ್ದು ಕಲ್ಲಿನಲ್ಲಿ. ನಡುವಿನ ಕಲ್ಲಿಗೆ ಕೊಟ್ಟದ್ದು 80,000, ಬಂದದ್ದು 32,000. ಸಣ್ಣ ಕಲ್ಲುಗಳಿಗೆ ಕೊಟ್ಟದ್ದು 24,000, ಬಂದದ್ದು 3,500.

ಕಲ್ಲಿನಲ್ಲಿ ಇಷ್ಟು ಹೋಗುವುದಕ್ಕೆ ಎರಡು ಹಂತಗಳಿವೆ. ಮೊದಲನೆಯದು ಚಿಲ್ಲರೆ ಬೆಲೆಗೂ ಸಗಟು ಬೆಲೆಗೂ ಇರುವ ಅಂತರ. ಒಡವೆ ಅಂಗಡಿಯ ಬಾಡಿಗೆ, ಸಿಬ್ಬಂದಿ, ಜಾಹೀರಾತು, ವರ್ಷಗಟ್ಟಲೆ ಮಾರಾಟವಾಗದೆ ಪೆಟ್ಟಿಗೆಯಲ್ಲೇ ಕೂತ ಮಾಲಿನ ಬಡ್ಡಿ, ಇದೆಲ್ಲ ವಸೂಲಾಗುವುದು ಕಲ್ಲಿನ ದರದಲ್ಲಿ. ಚಿನ್ನದಲ್ಲಿ ಹಾಗೆ ಮಾಡಲಾಗದು, ಅದರ ದರ ದಿನಾ ಬೆಳಗ್ಗೆ ಪತ್ರಿಕೆಯಲ್ಲಿ ಬರುತ್ತದೆ. ನೀವು 80,000ಕ್ಕೆ ಕೊಂಡ ಕಲ್ಲನ್ನು ಅಂಗಡಿಯವನು ಮುಂಬೈ ಅಥವಾ ಸೂರತ್ತಿನ ವ್ಯಾಪಾರಿಯಿಂದ 50,000ಕ್ಕೆ ತಂದಿರುತ್ತಾನೆ ಎಂದುಕೊಳ್ಳಿ. ಮಾರಲು ಹೊರಟ ಕ್ಷಣದಿಂದ ನಿಮ್ಮ ಕಲ್ಲಿನ ಬೆಲೆ ಶುರುವಾಗುವುದೇ 50,000ದಿಂದ, 80,000ದಿಂದಲ್ಲ.

ಎರಡನೆಯ ಹಂತ ಹೊರಗಿನವರಿಗೆ ಕಾಣದ್ದು. 50,000ದ ಕಲ್ಲಿಗೆ ಆತ 50,000 ಯಾಕೆ ಕೊಡುವುದಿಲ್ಲ? ಯಾಕೆಂದರೆ ಅಂಥ ಕಲ್ಲು ಅವನಿಗೆ ಕೈಯಿಂದ ಕಾಸು ಹಾಕದೆಯೇ ಸಿಗುತ್ತದೆ. ವಜ್ರದ ವ್ಯಾಪಾರದಲ್ಲಿ ‘ಜಾಂಗಡ್’ ಎಂಬ ಹಳೆಯ ಪದ್ಧತಿಯಿದೆ. ಸಗಟು ವ್ಯಾಪಾರಿ ಒಂದು ಚೀಟಿಯ ಮೇಲೆ ಕಲ್ಲನ್ನು ಅಂಗಡಿಗೆ ಕಳಿಸುತ್ತಾನೆ. ಗಿರಾಕಿ ಒಪ್ಪಿದರೆ ಹಣ, ಒಪ್ಪದಿದ್ದರೆ ಕಲ್ಲು ವಾಪಸ್. ನಾಳೆ ಯಾರೋ 50 ಸೆಂಟಿನ ಕಲ್ಲು ಕೇಳಿದರೆ ಅಂಗಡಿಯವನು ಒಂದು ಫೋನ್ ಮಾಡಿದರೆ ಸಾಕು. ನಿಮ್ಮ ಕಲ್ಲಿಗಾದರೋ ಅವನು ಇಂದೇ ರೊಕ್ಕ ಎಣಿಸಬೇಕು, ಉಂಗುರದಿಂದ ಬಿಡಿಸಬೇಕು, ಅಸಲಿಯೇ ಎಂದು ಪರೀಕ್ಷೆ ಮಾಡಿಸಬೇಕು, ಕದ್ದ ಮಾಲಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಗಿರಾಕಿ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಬೆಲೆ ಇಳಿದರೆ ನಷ್ಟ ಅವನದೇ. ಇಷ್ಟಕ್ಕೆಲ್ಲ ಅವನು ಸಗಟು ಬೆಲೆಯಲ್ಲಿ ಮೂರನೇ ಒಂದು ಪಾಲು ಮುರಿದುಕೊಂಡರೆ ಅದನ್ನು ಮೋಸವೆನ್ನಲಾಗದು.

ಚಿನ್ನಕ್ಕೆ ಈ ಕಷ್ಟವಿಲ್ಲ. ಯಾರ ಬಳೆಯಾದರೂ ಕರಗಿದ ಮೇಲೆ ಒಂದೇ ಚಿನ್ನ. ವಜ್ರವನ್ನು ಕರಗಿಸಿ ಒಂದು ಮಾಡಲಾಗದು. ಬಣ್ಣ, ಒಳಗಿನ ಚುಕ್ಕೆ, ಕತ್ತರಿಸಿದ ರೀತಿ, ತೂಕ, ಈ ನಾಲ್ಕರಲ್ಲಿ ಒಂದು ಮೆಟ್ಟಿಲು ಬದಲಾದರೂ ಬೆಲೆ ಬೇರೆ. ಹಾಗೆಂದು ದರಪಟ್ಟಿಯೇ ಇಲ್ಲವೆಂದಲ್ಲ. ನ್ಯೂಯಾರ್ಕಿನ ಮಾರ್ಟಿನ್ ರಾಪಾಪೋರ್ಟ್ 1978ರಿಂದ ಹೊರಡಿಸುತ್ತಿರುವ ಪಟ್ಟಿಯನ್ನು ಲೋಕದ ವಜ್ರದ ವ್ಯಾಪಾರಿಗಳೆಲ್ಲ ನೋಡುತ್ತಾರೆ. ಆದರೆ ಅದು ಚೌಕಾಸಿ ಶುರುವಾಗುವ ಬೆಲೆ, ಹೆಚ್ಚಿನ ವ್ಯವಹಾರ ನಡೆಯುವುದು ಪಟ್ಟಿಗಿಂತ ಇಷ್ಟು ಶೇಕಡ ಕೆಳಗೆ ಎಂಬ ಮಾತಿನಲ್ಲಿ. ಪಟ್ಟಿಯಲ್ಲಿ ತೂಕಕ್ಕೂ ಮೆಟ್ಟಿಲುಗಳಿವೆ: 40ರಿಂದ 49 ಸೆಂಟಿಗೆ ಒಂದು ದರ, 50ರಿಂದ 69ಕ್ಕೆ ಇನ್ನೊಂದು. ವರ್ಷಗಟ್ಟಲೆ ತೊಟ್ಟ ಉಂಗುರದ ಕಲ್ಲಿನ ಅಂಚು ಎಲ್ಲೋ ತುಸು ಚಕ್ಕೆ ಎದ್ದು, ಅದನ್ನು ಮತ್ತೆ ಸಾಣೆ ಹಿಡಿಸಿದಾಗ 50 ಸೆಂಟು 48 ಆದರೆ, ಹೋದದ್ದು ಎರಡು ಸೆಂಟಿನ ಬೆಲೆಯಷ್ಟೇ ಅಲ್ಲ, ಉಳಿದ 48ರ ದರವೂ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಕೊಳ್ಳುವವನು ಭೂತಗನ್ನಡಿ ಹಿಡಿದು ಅಂಚನ್ನೇ ದಿಟ್ಟಿಸುವುದು ಇದಕ್ಕೇ.

ಸಣ್ಣ ಕಲ್ಲುಗಳ ಕಥೆ ಇನ್ನೂ ಖಾರ. ಒಂದು ಸೆಂಟು, ಎರಡು ಸೆಂಟಿನ ಈ ಕಲ್ಲುಗಳು ಸಗಟಿನಲ್ಲಿ ಜರಡಿ ಹಿಡಿದು, ಅಳತೆ ಬಣ್ಣ ಒಂದೇ ಸಮವಾಗಿ ಬೇರ್ಪಡಿಸಿದ ಪೊಟ್ಟಣಗಳಲ್ಲಿ ಬರುತ್ತವೆ. ನಿಮ್ಮ ಉಂಗುರದಿಂದ ಬಿಚ್ಚಿದ ಇಪ್ಪತ್ತು ಕಲ್ಲುಗಳನ್ನು ಮತ್ತೆ ತೊಳೆದು, ಆರಿಸಿ, ಜೋಡಿ ಹುಡುಕುವ ಕೂಲಿ ಕಲ್ಲಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಬಿಚ್ಚುವಾಗ ಒಂದೆರಡು ಮುರಿಯುವುದೂ ಉಂಟು. ಹಾಗಾಗಿ ಸಣ್ಣ ಕಲ್ಲುಗಳನ್ನೇ ತುಂಬಿದ ದೊಡ್ಡ ನೆಕ್ಲೆಸ್ ನೋಡಲು ಎಷ್ಟೇ ಭರ್ಜರಿಯಾಗಿದ್ದರೂ ಮಾರುವಾಗ ಅದೇ ಬೆಲೆಯ ಒಂಟಿ ಕಲ್ಲಿನ ಉಂಗುರಕ್ಕಿಂತ ಹೆಚ್ಚು ನಷ್ಟ ಕೊಡುತ್ತದೆ.

ಈಚಿನ ವರ್ಷಗಳಲ್ಲಿ ಇದಕ್ಕೆ ಪ್ರಯೋಗಾಲಯದ ವಜ್ರವೂ ಸೇರಿಕೊಂಡಿದೆ. ಯಂತ್ರದಲ್ಲಿ ಬೆಳೆಸಿದರೂ ಅದೂ ವಜ್ರವೇ, ಬರಿಗಣ್ಣಿಗೆ ಯಾವ ವ್ಯತ್ಯಾಸವೂ ತಿಳಿಯದು. ಆದರೆ ಎಷ್ಟು ಬೇಕಾದರೂ ಬೆಳೆಸಬಹುದಾದ್ದರಿಂದ ಬೆಲೆ ನಿಲ್ಲಲಿಲ್ಲ. ಗಣಿ ವಜ್ರದ ದೊರೆಯಂತಿದ್ದ ಡಿ ಬೀರ್ಸ್ ಕಂಪನಿಯೇ 2018ರಲ್ಲಿ ‘ಲೈಟ್‌ಬಾಕ್ಸ್’ ಹೆಸರಿನಲ್ಲಿ ಇಂಥ ಕಲ್ಲನ್ನು ಕ್ಯಾರೆಟ್ಟಿಗೆ 800 ಡಾಲರಿನಂತೆ ಮಾರಲು ಹೊರಟು, ಮುಂದೆ ಬೆಲೆ ಇಳಿಸಿ, 2025ರಲ್ಲಿ ಆ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ನಿಮ್ಮ ಉಂಗುರದ ಕಲ್ಲು ಪ್ರಯೋಗಾಲಯದ್ದಾದರೆ ಬಹುತೇಕ ಅಂಗಡಿಗಳಲ್ಲಿ ಚಿನ್ನದ ಬೆಲೆ ಮಾತ್ರ ಸಿಗುತ್ತದೆ ಎಂದು ಮೊದಲೇ ತಿಳಿದಿರುವುದು ಒಳ್ಳೆಯದು. ಗಣಿ ವಜ್ರಕ್ಕೂ ಇದರ ಬಿಸಿ ತಟ್ಟಿದೆ. ಜೊತೆಗೆ, ನಿಮ್ಮದು ಗಣಿಯದ್ದೇ ಎಂದು ರುಜುವಾತು ಮಾಡುವ ಹೊಣೆ ಈಗ ನಿಮ್ಮ ಹೆಗಲಿಗೇ ಬಿದ್ದಿದೆ. ಅಂಗಡಿಯವನು ಪೆನ್ನಿನಂಥ ಉಪಕರಣ ತಾಗಿಸಿ ‘ಬೀಪ್’ ಅನ್ನಿಸಿದರೆ ಅದು ಗಾಜಲ್ಲ, ಜಿರ್ಕಾನ್ ಅಲ್ಲ ಎಂದಷ್ಟೇ ಅರ್ಥ. ಗಣಿಯದೋ ಯಂತ್ರದ್ದೋ ಎಂದು ಆ ಪೆನ್ನು ಹೇಳಲಾರದು.

ಹಾಗಾದರೆ ಮಾರುವುದು ಹೇಗೆ? ಮೊದಲು ನಿಮ್ಮ ಒಡವೆಯ ತಳದ ಬೆಲೆಯನ್ನು, ಅಂದರೆ ಚಿನ್ನದ ಬೆಲೆಯನ್ನು, ಮನೆಯಲ್ಲೇ ಲೆಕ್ಕ ಹಾಕಿಕೊಳ್ಳಿ. ಉಂಗುರದ ಒಳಮೈಯಲ್ಲಿ 750 ಎಂದಿದ್ದರೆ 18 ಕ್ಯಾರೆಟ್, 585 ಎಂದಿದ್ದರೆ 14 ಕ್ಯಾರೆಟ್, 916 ಎಂದಿದ್ದರೆ 22 ಕ್ಯಾರೆಟ್. ಈಚಿನ ಒಡವೆಯಾದರೆ ಅಕ್ಷರ ಅಂಕಿ ಬೆರೆತ ಆರು ಚಿಹ್ನೆಗಳ ಎಚ್‌ಯುಐಡಿ ಸಂಖ್ಯೆ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ ಸಾಕ್ಷಿ, ಕಲ್ಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕಲ್ಲಿನ ತೂಕ ಕಳೆಯುವ ಹೊತ್ತಿನಲ್ಲಿ ಕಣ್ಣು ತೆರೆದಿರಬೇಕು. ‘ಕಲ್ಲು ಜಾಸ್ತಿ ಇದೆ, ಒಂದು ಗ್ರಾಂ ಲೆಸ್’ ಎಂದು ಬಾಯಿಮಾತಿನಲ್ಲಿ ಹೇಳುವವರಿದ್ದಾರೆ. ನಮ್ಮ ಉಂಗುರದಲ್ಲಿ ಕಳೆಯಬೇಕಾದದ್ದು 0.16 ಗ್ರಾಂ. ಒಂದು ಗ್ರಾಂ ಕಳೆಯಲು ಬಿಟ್ಟರೆ ಅಲ್ಲೇ 6,300 ರೂಪಾಯಿ ಹೋಯಿತು. ಬಿಲ್ಲಿನಲ್ಲಿ ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ಕಲ್ಲಿನ ಸೆಂಟು ಮೂರೂ ಬರೆದಿರುತ್ತದೆ, ಕಲ್ಲಿನ ಸೆಂಟನ್ನು ಗ್ರಾಮಿಗೆ ತಿರುಗಿಸಲು 500ರಿಂದ ಭಾಗಿಸಿದರೆ ಸಾಕು.

ಬಳಿಕ ಕಲ್ಲಿನ ಕಾಗದ. ಜಿಐಎ, ಐಜಿಐ ಮುಂತಾದ ಪ್ರಯೋಗಾಲಯಗಳ ಪ್ರಮಾಣಪತ್ರವಿದ್ದರೆ ಅದರ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ಹಾಕಿ ನೋಡಿ. ದೊಡ್ಡ ಕಲ್ಲಿನ ಅಂಚಿನಲ್ಲಿ ಆ ಸಂಖ್ಯೆಯನ್ನೇ ಲೇಸರಿನಲ್ಲಿ ಕೆತ್ತಿರುವುದುಂಟು, ಭೂತಗನ್ನಡಿಯಲ್ಲಿ ಕಾಣುತ್ತದೆ. ಕಾಗದವೂ ಕಲ್ಲೂ ಒಂದೇ ಎಂದು ತೋರಿಸಿಕೊಟ್ಟಷ್ಟೂ ಅಂಗಡಿಯವನ ಅನುಮಾನ ಕರಗುತ್ತದೆ, ಆ ಅನುಮಾನಕ್ಕೆಂದು ಅವನು ಮುರಿದುಕೊಳ್ಳುವ ಹಣವೂ ಕರಗುತ್ತದೆ. ಕಾಗದವಿಲ್ಲದಿದ್ದರೆ ಮಾಡಿಸಬೇಕೇ? ನಡುವಿನ ಕಲ್ಲು 30 ಸೆಂಟು ದಾಟಿದ್ದರೆ ಮಾಡಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಬರೀ ಸಣ್ಣ ಕಲ್ಲುಗಳಾದರೆ ಶುಲ್ಕ ದಂಡ. ಒಡವೆಯಲ್ಲಿ ಕೂತ ಹಾಗೆಯೇ ಪರೀಕ್ಷಿಸಿದ ಕಲ್ಲಿಗೆ ಅಂದಾಜು ತೂಕ, ಅಂದಾಜು ದರ್ಜೆ ಮಾತ್ರ ಬರೆದುಕೊಡುತ್ತಾರೆ, ಬಿಡಿ ಕಲ್ಲಿನ ಪತ್ರಕ್ಕಿರುವ ಬೆಲೆ ಅದಕ್ಕಿಲ್ಲ. ಇನ್ನು ವಿಮೆಗೆಂದು ಬರೆಸಿದ ‘ವ್ಯಾಲ್ಯುಯೇಷನ್’ ಕಾಗದವಿದ್ದರೆ ಅದನ್ನು ಮನೆಯಲ್ಲೇ ಬಿಡಿ. ಅದು ಹೊಸದನ್ನು ಅಂಗಡಿಯಲ್ಲಿ ಕೊಳ್ಳಲು ಎಷ್ಟಾದೀತು ಎಂಬ ಅಂಕಿ, ಮಾರಿದರೆ ಎಷ್ಟು ಬಂದೀತು ಎಂಬುದಲ್ಲ.

ಮೊದಲು ಹೋಗಬೇಕಾದದ್ದು ಕೊಂಡ ಅಂಗಡಿಗೇ. ಅದು ಅವರದೇ ಮಾಲು, ಅನುಮಾನ ಪಡುವ ಪ್ರಶ್ನೆಯಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಬೈಬ್ಯಾಕ್’ ಮತ್ತು ‘ಎಕ್ಸ್‌ಚೇಂಜ್’ ಎಂದು ಎರಡು ಶೇಕಡಾವಾರು ಇರಬಹುದು. ಶೇಕಡ ಎಷ್ಟು ಎನ್ನುವುದಕ್ಕಿಂತ ಯಾವುದರ ಶೇಕಡ ಎಂಬುದು ಮುಖ್ಯ. ಬಿಲ್ಲಿನಲ್ಲಿದ್ದ ಕಲ್ಲಿನ ಬೆಲೆಯದೋ, ಇವತ್ತಿನ ಬೆಲೆಯದೋ? ಇವತ್ತಿನ ಬೆಲೆಯಾದರೆ ಅದನ್ನು ನಿರ್ಧರಿಸುವವರು ಅವರೇ. ಬದಲಿ ಒಡವೆಗೆ ಕಲ್ಲಿನ ಶೇ. 90 ಕೊಡುತ್ತೇವೆ ಎಂದು ಅಂಗಡಿಯೊಂದು ಬರೆದಿದೆ ಎಂದುಕೊಳ್ಳಿ. ಬಿಲ್ ಬೆಲೆಯ ಮೇಲೆ ಲೆಕ್ಕ ಹಾಕಿದರೆ ನಮ್ಮ ಉಂಗುರದ ಕಲ್ಲಿಗೆ 93,600, ಚಿನ್ನಕ್ಕೆ 30,000, ಒಟ್ಟು 1,23,600. ಕೇಳಲು ಹಿತವಾಗಿದೆ. ಆದರೆ ಆ ಮೊತ್ತಕ್ಕೆ ಮತ್ತೊಂದು ವಜ್ರದ ಒಡವೆ ಕೊಂಡರೆ ಅದರ ಅರ್ಧ ಹಣ ಅಂಗಡಿಯ ಬಾಗಿಲು ದಾಟುವಾಗಲೇ ಮತ್ತೆ ಹೋಯಿತು. ಅದೇ ಮೊತ್ತಕ್ಕೆ ಮಜೂರಿ ಕಡಿಮೆಯಿರುವ ಚಿನ್ನದ ಸಾದಾ ಬಳೆಯನ್ನೋ ನಾಣ್ಯವನ್ನೋ ಕೊಟ್ಟರೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ‘ವಜ್ರಕ್ಕೆ ವಜ್ರವೇ’ ಎಂಬ ನಿಯಮ ಹೇಳುವ ಅಂಗಡಿಗಳೂ ಇವೆ, ಆದ್ದರಿಂದ ಒಡವೆ ಕೈಬಿಡುವ ಮೊದಲು ಇದೊಂದನ್ನು ಕೇಳಿಕೊಳ್ಳಬೇಕು. ಕೇಳಬೇಕಾದ ನಿಜವಾದ ಸಮಯ ಕೊಳ್ಳುವ ದಿನ. ಆದರೆ ಆ ದಿನ ಯಾರಿಗೂ ಮಾರುವ ಯೋಚನೆ ಇರುವುದಿಲ್ಲವಲ್ಲ!

ಕೊಂಡ ಅಂಗಡಿ ದೂರವಿದ್ದರೆ, ಮುಚ್ಚಿದ್ದರೆ, ಅಥವಾ ಅವರು ಹೇಳಿದ ಬೆಲೆ ಹಿಡಿಸದಿದ್ದರೆ ಕನಿಷ್ಠ ಮೂರು ಕಡೆ ವಿಚಾರಿಸಿ. ವಿಚಾರಿಸುವಾಗ ಇಡೀ ಉಂಗುರಕ್ಕೆ ಎಷ್ಟು ಎಂದು ಕೇಳಬೇಡಿ. ಚಿನ್ನಕ್ಕೆ ಎಷ್ಟು, ನಡುವಿನ ಕಲ್ಲಿಗೆ ಎಷ್ಟು, ಸಣ್ಣ ಕಲ್ಲುಗಳಿಗೆ ಎಷ್ಟು ಎಂದು ಮೂರನ್ನೂ ಬೇರೆ ಬೇರೆ ಬರೆಸಿಕೊಳ್ಳಿ. ಒಟ್ಟು ಬೆಲೆಯಲ್ಲಿ ಚಿನ್ನದ ಏರಿಕೆ ಕಲ್ಲಿನ ಇಳಿಕೆಯನ್ನು ಮುಚ್ಚಿಬಿಡುತ್ತದೆ. ಎಂಟು ಹತ್ತು ವರ್ಷ ಹಿಂದೆ ಕೊಂಡವರು ‘ಪರವಾಗಿಲ್ಲ, ಕೊಟ್ಟ ಹಣ ಬಂತು’ ಎಂದು ಖುಷಿಪಡುವುದು ಇದರಿಂದಲೇ. ಅವರಿಗೆ ಬಂದದ್ದು ಬಹುಪಾಲು ಚಿನ್ನದ ಹಣ, ಕಲ್ಲು ಪುಕ್ಕಟೆ ಹೋಗಿರುವ ಸಾಧ್ಯತೆಯೇ ಹೆಚ್ಚು.

ಹಳೆ ಚಿನ್ನ ಕೊಳ್ಳುವ ಕೌಂಟರುಗಳಲ್ಲಂತೂ ಒಂದು ಮಾತು ಸದಾ ತಯಾರಿರುತ್ತದೆ: “ಚಿನ್ನಕ್ಕೆ ಕೊಡ್ತೀವಿ ಮೇಡಂ, ಕಲ್ಲಿಗೆ ಏನೂ ಬರಲ್ಲ.” ಅದಕ್ಕೆ ಕೊಡಬೇಕಾದ ಉತ್ತರ ಸುಲಭ: “ಹಾಗಾದ್ರೆ ಕಲ್ಲೆಲ್ಲ ಬಿಚ್ಚಿ ನನಗೇ ವಾಪಸ್ ಕೊಡಿ ಅಣ್ಣ.” ಏನೂ ಬರುವುದಿಲ್ಲ ಎಂದಿದ್ದ ಕಲ್ಲಿಗೆ ಆಗ ಒಂದು ಬೆಲೆ ಹುಟ್ಟಿದರೆ ಅಚ್ಚರಿಪಡಬೇಡಿ. ಹುಟ್ಟದಿದ್ದರೆ ಕಲ್ಲನ್ನು ನಿಜಕ್ಕೂ ವಾಪಸ್ ತನ್ನಿ, ನಡುವಿನ ಕಲ್ಲನ್ನು ವಜ್ರದ ವ್ಯಾಪಾರಿಗೆ ಬಿಡಿಯಾಗಿ ತೋರಿಸಬಹುದು. ಗಿರವಿಯಲ್ಲೂ ಇದೇ ಲೆಕ್ಕ, ಬ್ಯಾಂಕುಗಳು ಚಿನ್ನದ ತೂಕಕ್ಕೆ ಸಾಲ ಕೊಡುತ್ತವೆಯೇ ಹೊರತು ಕಲ್ಲಿಗಲ್ಲ.

ಪರೀಕ್ಷೆಗೆಂದು ಉಂಗುರವನ್ನು ಅಂಗಡಿಯಲ್ಲಿ ಬಿಟ್ಟುಬರಬೇಕಾದರೆ ಒಟ್ಟು ತೂಕ, ಕಲ್ಲಿನ ತೂಕ, ಪ್ರಮಾಣಪತ್ರದ ಸಂಖ್ಯೆ ಬರೆದ ರಸೀದಿ ಇಲ್ಲದೆ ಹೊರಡಬೇಡಿ. ಹತ್ತಿರದಿಂದ ತೆಗೆದ ಒಂದೆರಡು ಫೋಟೊ ಇರಲಿ. ಅಸಲಿ ಬಿಲ್ಲು ನೀವು ಮಾಲೀಕರೆಂಬುದಕ್ಕೆ ಸಾಕ್ಷಿ, ಅದೂ ಗುರುತಿನ ಚೀಟಿಯೂ ಬೇಕಾಗುತ್ತವೆ. ಆದರೆ ಕೊಂಡ ಬೆಲೆಯನ್ನು ನೀವಾಗಿಯೇ ಮೊದಲು ಹೇಳಬೇಕಿಲ್ಲ, ಹೇಳಿದರೂ ಲಾಭವಿಲ್ಲ. ಸಗಟು ಬೆಲೆಯನ್ನು ಅಂದಾಜು ಮಾಡಿಕೊಳ್ಳಲು, ಅದೇ ತೂಕ ಬಣ್ಣ ದರ್ಜೆಯ ಪ್ರಮಾಣಪತ್ರವಿರುವ ಬಿಡಿ ಕಲ್ಲುಗಳನ್ನು ಅಂತರ್ಜಾಲದಲ್ಲಿ ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ನೋಡಿ, ಎಲ್ಲಕ್ಕಿಂತ ಕಡಿಮೆ ಬೆಲೆಗಳ ಗುಂಪನ್ನು ಆಧಾರವಾಗಿ ಹಿಡಿಯಿರಿ. ಅದರ ಅರ್ಧಕ್ಕಿಂತ ಕೆಳಗೆ ಯಾರಾದರೂ ಕೇಳಿದರೆ ಎದ್ದುಬರಬಹುದು. ಮೂರರಲ್ಲಿ ಎರಡು ಪಾಲು ಸಿಕ್ಕರೆ ಅದು ನ್ಯಾಯವಾದ ವ್ಯಾಪಾರ ಎನ್ನುವೆ.

ಅಂಗಡಿಗಿಂತ ಹೆಚ್ಚು ಸಿಗುವ ದಾರಿ ಎರಡಿವೆ, ಎರಡಕ್ಕೂ ತಾಳ್ಮೆ ಬೇಕು. ಒಡವೆಯನ್ನು ಅಂಗಡಿಯಲ್ಲಿ ಇಟ್ಟು, ಮಾರಿದಾಗ ಕಮಿಷನ್ ಕಳೆದು ಹಣ ಪಡೆಯುವುದು ಒಂದು. ಇಲ್ಲಿ ಜಾಂಗಡ್ ಕೊಡುವವರು ನೀವೇ ಆಗುತ್ತೀರಿ, ಅಂಗಡಿಯವನ ಹಣ ಸಿಕ್ಕಿಕೊಳ್ಳುವುದಿಲ್ಲವಾದ್ದರಿಂದ ಬೆಲೆ ಮೇಲೇರುತ್ತದೆ. ಕನಿಷ್ಠ ಬೆಲೆ, ಕಮಿಷನ್, ಗಡುವು ಮೂರೂ ಬರಹದಲ್ಲಿರಲಿ. ಇನ್ನೊಂದು, ಬಳಸುವವರಿಗೇ ನೇರವಾಗಿ ಮಾರುವುದು, ಅಂದರೆ ಮದುವೆಗೆ ಉಂಗುರ ಹುಡುಕುತ್ತಿರುವ ನೆಂಟರಿಗೋ ಸಹೋದ್ಯೋಗಿಗೋ. ನಮ್ಮ ಉಂಗುರಕ್ಕೆ ಚಿನ್ನ ಆ ದಿನದ ದರದಲ್ಲಿ 30,000, ನಡುವಿನ ಕಲ್ಲು ಸಗಟು ಬೆಲೆಯಲ್ಲಿ 50,000, ಸಣ್ಣ ಕಲ್ಲು ಸಗಟಿನಲ್ಲಿ 9,000 ಎಂದು 89,000 ಕೇಳಿದರೆ ಮಾರುವವರಿಗೆ ಅಂಗಡಿಗಿಂತ 25,000 ಹೆಚ್ಚು, ಕೊಳ್ಳುವವರಿಗೆ ಹೊಸದಕ್ಕಿಂತ 55,000 ಕಡಿಮೆ. ಅಪರಿಚಿತರಾದರೆ ಮನೆಗೆ ಕರೆಯದೆ, ಇಬ್ಬರೂ ಒಪ್ಪುವ ಅಂಗಡಿಯಲ್ಲೋ ಪ್ರಯೋಗಾಲಯದಲ್ಲೋ ಸೇರಿ, ಹಣ ಖಾತೆಗೆ ಬಂದದ್ದನ್ನು ನೋಡಿಯೇ ಒಡವೆ ಕೊಡಿ.

ಯಾರಿಗೆ ಮಾರಿದರೂ 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಮನೆಯ ಹಳೆ ಒಡವೆಯನ್ನು ಮಾರುವವರಿಗೆ ಜಿಎಸ್‌ಟಿ ಇಲ್ಲ, ಅಂಗಡಿಯವರು ಅದರ ಹೆಸರಲ್ಲಿ ಏನಾದರೂ ಕಳೆದರೆ ಪ್ರಶ್ನಿಸಬೇಕು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿ ಲಾಭ ಬಂದರೆ ಆ ಲಾಭಕ್ಕೆ ಶೇ. 12.5 ಆದಾಯ ತೆರಿಗೆ ಉಂಟು.

ಇಷ್ಟೂ ಹೊತ್ತು ಹೇಳಿದ್ದು ಈಚಿನ ಒಡವೆಗಳ ಮಾತು. ಅಜ್ಜಿಯ ಕಾಲದ ಏಳು ಕಲ್ಲಿನ ಓಲೆ, ಬೇಸರಿಗಳ ದಾರಿ ಬೇರೆ. ಅವುಗಳಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ, ಒಳಗೆ ಅರಗೋ ಹಾಳೆಯೋ ಇರಬಹುದು. ಕಲ್ಲನ್ನು ಬಿಚ್ಚದ ಹೊರತು ತೂಕವೂ ಬಣ್ಣವೂ ತಿಳಿಯದು. ಹಿಂದಿನ ಹಾಳೆ ತೆಗೆದ ಮೇಲೆ ಕಲ್ಲು ತುಸು ಹಳದಿಯಾಗಿ ಕಂಡರೂ ಕಾಣಬಹುದು. ಆದರೆ ಹಳೆಯ ಕಟಾವಿನ ಕಲ್ಲುಗಳನ್ನೂ, ಮನೆಯ ಹಿರಿಯರು ‘ಬ್ಲೂ ಜಾಗರ್’ ಎಂದು ಹೆಸರಿಟ್ಟು ಕರೆಯುತ್ತಿದ್ದ ಕಲ್ಲುಗಳನ್ನೂ ಹುಡುಕಿ ಕೊಳ್ಳುವವರು ಇಂದಿಗೂ ಇದ್ದಾರೆ. ಅಂಥ ಓಲೆಯನ್ನು ಚಿನ್ನದ ಕೌಂಟರಿಗೆ ಒಯ್ಯಬಾರದು, ಹಳೆ ಒಡವೆಯನ್ನೇ ವ್ಯಾಪಾರ ಮಾಡುವವರಿಗೆ ಇಡಿಯಾಗಿ ತೋರಿಸಬೇಕು. ಬಿಚ್ಚಲೇಬೇಕೆಂದಾದರೆ ನಂಬಿಕೆಯ ಅಕ್ಕಸಾಲಿಗರ ಮುಂದೆ ಕೂತು, ಬಿಚ್ಚುವ ಮೊದಲು ಒಟ್ಟು ತೂಕ ಬರೆದುಕೊಂಡು, ಬಿಚ್ಚಿದ ಮೇಲೆ ಏಳೂ ಕಲ್ಲನ್ನು ಒಂದೊಂದಾಗಿ ತೂಗಿಸಿ, ಬೇರೆ ಬೇರೆ ಪೊಟ್ಟಣದಲ್ಲಿ ತರಬೇಕು.